ಬರಿಯ ‘1’, ಬರಿಯ ‘2’: ಪಟ್ಟಿಯಿಲ್ಲದೆ ಬರುವ ಉತ್ತರವನ್ನು ವರ್ತಕರು ಅರ್ಥೈಸುವ ಬಗೆ

ಬಂಗಾರಪೇಟೆಯಲ್ಲಾಗಲಿ, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಾಗಲಿ, ವಾಟ್ಸ್‌ಆ್ಯಪ್ ಮೂಲಕ ಬೇಡಿಕೆಗಳನ್ನು ಸ್ವೀಕರಿಸುವ ವರ್ತಕ ಬಾಂಧವರಿಗೆ ಈ ಅನುಭವ ಹೊಸದಾಗಿರಲಾರದು. ಗ್ರಾಹಕರಿಂದ ಒಂದು ಸಂದೇಶ ಬರುತ್ತದೆ. ಅದರಲ್ಲಿ ನಮಸ್ಕಾರವಿಲ್ಲ, ಸರಕಿನ ಹೆಸರಿಲ್ಲ, ಪ್ರಮಾಣವಿಲ್ಲ. ಇರುವುದು ‘1’ ಅಥವಾ ‘2’ ಎಂಬ ಒಂಟಿ ಅಂಕಿ ಮಾತ್ರ. ಯಾವುದೋ ಆಯ್ಕೆಯ ಪಟ್ಟಿಗೆ ಉತ್ತರಿಸಿದಂತೆ ಅದು ಕಾಣುತ್ತದೆ. ಆದರೆ ಅಂಗಡಿಯವರು ಅಂದು ಯಾವ ಪಟ್ಟಿಯನ್ನೂ ಕಳುಹಿಸಿರುವುದಿಲ್ಲ. ಇಂತಹ ಸಂದೇಶವನ್ನು ಕಡೆಗಣಿಸಿದರೆ ವ್ಯಾಪಾರ ತಪ್ಪುತ್ತದೆ. ಊಹೆಯ ಮೇಲೆ ಸರಕು ಕಳುಹಿಸಿದರೆ ನಷ್ಟ ತಟ್ಟುತ್ತದೆ. ಈ ಅಂಕಿ ಎಲ್ಲಿಂದ ಹುಟ್ಟುತ್ತದೆ, ಅದನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಭ್ಯಾಸದ ಮೂಲ

ಅಂಕಿಯಿಂದ ಉತ್ತರಿಸುವುದನ್ನು ಗ್ರಾಹಕರಿಗೆ ಕಲಿಸಿದ್ದು ದೂರವಾಣಿ. ನಮ್ಮ ಭಾಗದಿಂದ ಪ್ರತಿದಿನ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ರೈಲ್ವೆಯ 139 ಸಂಖ್ಯೆ ಪರಿಚಿತ. 2020ರಿಂದ ರೈಲ್ವೆಯ ಹಲವು ಸಹಾಯವಾಣಿಗಳು ಆ ಒಂದೇ ಸಂಖ್ಯೆಯಲ್ಲಿ ಸೇರಿವೆ. ಭದ್ರತೆ ಮತ್ತು ವೈದ್ಯಕೀಯ ನೆರವಿಗೆ 1, ವಿಚಾರಣೆಗೆ 2 ಎಂಬಂತೆ ಅಲ್ಲಿ ಧ್ವನಿಯು ಆಯ್ಕೆಗಳನ್ನು ಹೇಳುತ್ತದೆ. ಅಂತರ್ಜಾಲವಿಲ್ಲದ ಸಾಧಾರಣ ಫೋನಿನಿಂದ ಬ್ಯಾಂಕ್ ಸೇವೆ ಪಡೆಯುವ *99# ಕೂಡ ಹಾಗೆಯೇ. ಅಲ್ಲಿ 1 ಒತ್ತಿದರೆ ಹಣ ಕಳುಹಿಸುವ ದಾರಿ ತೆರೆಯುತ್ತದೆ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಗಣಿಗಳ ಕಾಲದಿಂದಲೂ ಕೆ.ಜಿ.ಎಫ್. ಬಹುಭಾಷೆಯ ಪಟ್ಟಣ. ತಮಿಳು, ತೆಲುಗು, ಕನ್ನಡ, ಉರ್ದು ಮನೆಮಾತಾಗಿರುವವರು ಒಂದೇ ಬೀದಿಯಲ್ಲಿದ್ದಾರೆ. ಮಾತನಾಡಲು ಬರುವ ಭಾಷೆಯನ್ನು ಬರೆಯಲು ಬಾರದವರಿಗೆ, ಬರೆಯಬಲ್ಲರೂ ಅಕ್ಷರ ಒತ್ತಲು ಬಿಡುವಿಲ್ಲದವರಿಗೆ ಅಂಕಿಯೊಂದೇ ಸುಲಭ. ಅದಕ್ಕೆ ಭಾಷೆಯ ಹಂಗಿಲ್ಲ. ಆದುದರಿಂದ ಒಂಟಿ ಅಂಕಿ ಕಳುಹಿಸಿದವರನ್ನು ಉದಾಸೀನರೆಂದು ಭಾವಿಸುವುದು ಸರಿಯಲ್ಲ.

ಆದರೆ ದೂರವಾಣಿಯ ಪಟ್ಟಿಗೂ ವಾಟ್ಸ್‌ಆ್ಯಪ್ ಸಂಭಾಷಣೆಗೂ ಒಂದು ಮುಖ್ಯ ವ್ಯತ್ಯಾಸವಿದೆ. *99#ನಲ್ಲಿ ಸ್ವಲ್ಪ ಹೊತ್ತು ಉತ್ತರಿಸದಿದ್ದರೆ ಸಂಪರ್ಕವೇ ಮುಗಿಯುತ್ತದೆ. ಆ ಪಟ್ಟಿಯೂ ಅಳಿಯುತ್ತದೆ. ಅಲ್ಲಿ ಒತ್ತಿದ 1 ಆ ಕ್ಷಣ ಪರದೆಯ ಮೇಲಿರುವ ಪಟ್ಟಿಗಷ್ಟೇ ಸೇರಿದ್ದು. ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಪಟ್ಟಿ ತಿಂಗಳುಗಟ್ಟಲೆ ಮೇಲೆಯೇ ಉಳಿದಿರುತ್ತದೆ. ಗ್ರಾಹಕರು ಯಾವಾಗ ಬೇಕಾದರೂ ಅದನ್ನು ನೋಡಿ ಉತ್ತರಿಸಬಹುದು. ಅಂಕಿಯ ಅರ್ಥ ಅಂಕಿಯಲ್ಲಿಲ್ಲ, ಕಳುಹಿಸಿದವರ ಕಣ್ಣಮುಂದಿದ್ದ ಪಟ್ಟಿಯಲ್ಲಿದೆ. ಆ ಪಟ್ಟಿ ಯಾವುದೆಂದು ತಿಳಿಯುವುದೇ ಇಲ್ಲಿನ ಕೆಲಸ.

ಪಟ್ಟಿ ಏಕೆ ಹೋಗುವುದಿಲ್ಲ?

ಸಣ್ಣ ವ್ಯಾಪಾರಿಗಳಿಗಾಗಿ ವಾಟ್ಸ್‌ಆ್ಯಪ್ ಬಿಸಿನೆಸ್ ಭಾರತದಲ್ಲಿ 2018ರ ಜನವರಿಯಲ್ಲಿ ಲಭ್ಯವಾಯಿತು. ಅದರಲ್ಲಿ ಸ್ವಾಗತ ಸಂದೇಶ ತಾನಾಗಿಯೇ ಹೋಗುವಂತೆ ಮಾಡಬಹುದು. ಹಲವರು ತಮ್ಮ ಸರಕಿನ ಪಟ್ಟಿಯನ್ನು ಅದರಲ್ಲಿಯೇ ಸೇರಿಸಿ, ಬರೆದವರಿಗೆಲ್ಲ ಪ್ರತಿಬಾರಿಯೂ ಪಟ್ಟಿ ತಲುಪುತ್ತದೆ ಎಂದು ನಂಬಿರುತ್ತಾರೆ. ವಾಸ್ತವದಲ್ಲಿ ಸ್ವಾಗತ ಸಂದೇಶ ಹೋಗುವುದು ಗ್ರಾಹಕರು ಮೊದಲ ಬಾರಿ ಬರೆದಾಗ, ಇಲ್ಲವೇ 14 ದಿನ ಯಾವ ಸಂಭಾಷಣೆಯೂ ನಡೆಯದೆ ಮತ್ತೆ ಬರೆದಾಗ ಮಾತ್ರ. ವಾರಕ್ಕೊಮ್ಮೆ ಸರಕು ಕೊಳ್ಳುವ ಖಾಯಂ ಗ್ರಾಹಕರಿಗೆ ಅದು ಎರಡನೆಯ ಬಾರಿ ಹೋಗುವುದೇ ಇಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಸ್ವಾಗತ ಸಂದೇಶ ಯಾರಿಗೆ ಹೋಗಬೇಕೆಂದು ಆರಿಸಲು ಅವಕಾಶವಿದೆ. ನಮ್ಮ ಫೋನಿನಲ್ಲಿ ಹೆಸರು ಉಳಿಸಿಕೊಂಡಿಲ್ಲದವರಿಗೆ ಮಾತ್ರ ಎಂದು ಆರಿಸಿದ್ದರೆ, ಹೆಸರು ಉಳಿಸಿಕೊಂಡಿರುವ ಹಳೆಯ ಗ್ರಾಹಕರಿಗೆ ಆ ಪಟ್ಟಿ ತಲುಪುವುದಿಲ್ಲ. ಅಂತಹವರು ನೆರೆಯವರಿಗೆ ಬಂದ ಪಟ್ಟಿಯನ್ನು ನೋಡಿಯೋ, ಅಂಗಡಿಯ ಕರಪತ್ರವನ್ನು ನೋಡಿಯೋ ‘1’ ಎಂದು ಕಳುಹಿಸುತ್ತಾರೆ. ವರ್ತಕರ ಪರದೆಯಲ್ಲಿ ಮಾತ್ರ ಅದಕ್ಕೆ ಹಿಂದುಮುಂದು ಇರುವುದಿಲ್ಲ.

ಒಂದು ಉದಾಹರಣೆ

ಬಂಗಾರಪೇಟೆಯ ಒಬ್ಬ ಅಕ್ಕಿ ಸಗಟು ವ್ಯಾಪಾರಿಗೆ ರಾಬರ್ಟ್‌ಸನ್‌ಪೇಟೆಯ ಒಬ್ಬ ದಿನಸಿ ಅಂಗಡಿಯವರು ಗ್ರಾಹಕರೆಂದು ಭಾವಿಸೋಣ. ತಿಂಗಳ 5ನೆಯ ತಾರೀಖು ಗ್ರಾಹಕರು ಬಹುದಿನಗಳ ನಂತರ ಬರೆಯುತ್ತಾರೆ. ಸ್ವಾಗತ ಸಂದೇಶದಲ್ಲಿ ಪಟ್ಟಿ ಹೋಗುತ್ತದೆ: 1 ಹಳೆಯ ಸೋನಾ ಮಸೂರಿ, 2 ಹೊಸ ಸೋನಾ ಮಸೂರಿ, 3 ಇಡ್ಲಿ ಅಕ್ಕಿ, ಎಲ್ಲವೂ 25 ಕೆ.ಜಿ. ಚೀಲಗಳು. ಗ್ರಾಹಕರು ಫೋನ್ ಮಾಡಿ ಹಳೆಯ ಅಕ್ಕಿ 2 ಚೀಲ ತರಿಸಿಕೊಳ್ಳುತ್ತಾರೆ. 12ರಂದು ಹಳೆಯ ಅಕ್ಕಿಯ ದಾಸ್ತಾನು ತಗ್ಗಿದ್ದರಿಂದ ವ್ಯಾಪಾರಿ ಅದನ್ನು ಪಟ್ಟಿಯಿಂದ ತೆಗೆದು, ಹೊಸ ಸೋನಾ ಮಸೂರಿಗೆ 1, ಇಡ್ಲಿ ಅಕ್ಕಿಗೆ 2 ಎಂದು ಬದಲಿಸುತ್ತಾರೆ. 14ರಂದು ಗ್ರಾಹಕರಿಂದ ‘2’ ಎಂದಷ್ಟೇ ಸಂದೇಶ ಬರುತ್ತದೆ. ಹಿಂದಿನ ಸಂಭಾಷಣೆಗೆ ಇನ್ನೂ 14 ದಿನ ತುಂಬಿಲ್ಲವಾದ್ದರಿಂದ ಹೊಸ ಪಟ್ಟಿ ಅವರಿಗೆ ಹೋಗಿಲ್ಲ.

ಈಗ ಆ ‘2’ಕ್ಕೆ ಮೂರು ಅರ್ಥಗಳಿವೆ. ವ್ಯಾಪಾರಿಯ ಮನಸ್ಸಿನಲ್ಲಿರುವ ಹೊಸ ಪಟ್ಟಿಯಂತೆ ಅದು ಇಡ್ಲಿ ಅಕ್ಕಿ. ಗ್ರಾಹಕರ ಪರದೆಯಲ್ಲಿರುವ ಹಳೆಯ ಪಟ್ಟಿಯಂತೆ ಹೊಸ ಸೋನಾ ಮಸೂರಿ. ಪಟ್ಟಿಯನ್ನೇ ನೋಡದೆ, ಕಳೆದ ಬಾರಿ ತರಿಸಿದ್ದನ್ನು ನೆನೆದು ಬರೆದಿದ್ದರೆ ಹಳೆಯ ಅಕ್ಕಿ ಎರಡು ಚೀಲ. ವ್ಯಾಪಾರಿ ತಮ್ಮ ಪಟ್ಟಿಯನ್ನೇ ನಂಬಿ ಇಡ್ಲಿ ಅಕ್ಕಿಯನ್ನು ಗೂಡ್ಸ್ ಆಟೊದಲ್ಲಿ ಕಳುಹಿಸಿದರೆ ಸರಕು ಹಿಂತಿರುಗುವ ಸಂಭವವೇ ಹೆಚ್ಚು. ಎರಡು ಕಡೆಯ ಬಾಡಿಗೆ, ಹಮಾಲಿ ಎರಡೂ ಅವರ ತಲೆಗೆ ಬರುತ್ತವೆ.

ಒಂದು ಮತ್ತು ಎರಡರ ವಿಶೇಷ ತೊಡಕು ಇದು. ಮೂರೇ ಆಯ್ಕೆಗಳ ಪಟ್ಟಿಗೆ ‘7’ ಎಂದು ಬಂದರೆ ಅದು ಪ್ರಮಾಣವೆಂದು ಊಹಿಸಬಹುದು. 1 ಮತ್ತು 2 ಮಾತ್ರ ಯಾವ ಪಟ್ಟಿಯಲ್ಲಿಯೂ ಇರುತ್ತವೆ. ಚೀಲದ ಲೆಕ್ಕದಲ್ಲಿಯೂ ಸಾಮಾನ್ಯವಾಗಿ ಬರುತ್ತವೆ.

ಕಾನೂನಿನ ದೃಷ್ಟಿ

ಸರಕು ಹಿಂತಿರುಗಿದಾಗ ‘ನೀವೇ 2 ಎಂದಿರಲ್ಲ’ ಎಂಬ ವಾದ ನಿಲ್ಲುವುದು ಕಷ್ಟ. 1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಕಲಮಿನ ಪ್ರಕಾರ, ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ ಆಗುತ್ತದೆ. ಅರ್ಥವು ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಆಗದ ಒಪ್ಪಂದ ಅನೂರ್ಜಿತವೆಂದು 29ನೆಯ ಕಲಮು ಹೇಳುತ್ತದೆ. ಆ ಕಲಮಿಗೆ ಕೊಟ್ಟಿರುವ ದೃಷ್ಟಾಂತ ವರ್ತಕರಿಗೆ ಸುಲಭವಾಗಿ ಅರ್ಥವಾಗುವಂತಹದು. ಯಾವ ಎಣ್ಣೆ ಎಂದು ಸೂಚಿಸದೆ ನೂರು ಟನ್ ಎಣ್ಣೆ ಮಾರಲು ಒಪ್ಪಿದರೆ ಆ ಒಪ್ಪಂದ ನಿಲ್ಲುವುದಿಲ್ಲ. ಆದರೆ ಮಾರುವವನು ಕೊಬ್ಬರಿ ಎಣ್ಣೆಯನ್ನು ಮಾತ್ರ ಮಾರುವವನಾದರೆ, ಅವನ ವ್ಯಾಪಾರದ ಸ್ವರೂಪವೇ ಅರ್ಥವನ್ನು ನಿಶ್ಚಯಿಸುತ್ತದೆ.

ನಮ್ಮ ವಿಷಯಕ್ಕೂ ಈ ತರ್ಕ ಹೊಂದುತ್ತದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮಾತ್ರ ಮಾರುವವರಿಗೆ ಖಾಯಂ ಗ್ರಾಹಕರಿಂದ ಬಂದ ‘2’ ಎಂದರೆ ಎರಡು ಕ್ಯಾನ್. ಅಲ್ಲಿ ಪ್ರಶ್ನೆಯೇ ಇಲ್ಲ. ಹಲವು ಬಗೆಯ ಸರಕು ಇರಿಸಿದವರಿಗೆ ಆ ಅನುಕೂಲವಿಲ್ಲ. ಸಂದೇಶವು ವಾಟ್ಸ್‌ಆ್ಯಪ್‌ನಲ್ಲಿ ಬಂದುದು ಸ್ವತಃ ದೋಷವಲ್ಲ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 10ಎ ಕಲಮು ಹೇಳುತ್ತದೆ. ಕೊರತೆ ಇರುವುದು ಅರ್ಥದಲ್ಲಿ.

ಏನು ಮಾಡಬೇಕು?

ಮೊದಲು ಸಂಭಾಷಣೆಯನ್ನು ಮೇಲಕ್ಕೆ ಸರಿಸಿ, ಆ ಗ್ರಾಹಕರಿಗೆ ಕೊನೆಯದಾಗಿ ಹೋದ ಪಟ್ಟಿ ಯಾವುದು, ಅವರು ಕೊನೆಯದಾಗಿ ಕೊಂಡದ್ದೇನು ಎಂಬುದನ್ನು ನೋಡಬೇಕು. ನಮ್ಮ ಇಂದಿನ ಪಟ್ಟಿಯಲ್ಲ, ಅವರ ಬಳಿ ಇರುವ ಪಟ್ಟಿಯೇ ಆಧಾರ. ಬಳಿಕ ಸಂಭವನೀಯ ಅರ್ಥಗಳನ್ನು ಸರಕಿನ ಹೆಸರಿನಿಂದಲೇ ಹೇಳಿ ಒಂದೇ ಪ್ರಶ್ನೆ ಕೇಳಬೇಕು: ‘ಅಣ್ಣ, ಹೊಸ ಸೋನಾ ಮಸೂರಿ ಒಂದು ಚೀಲವೋ, ಕಳೆದ ಸಲದಂತೆ ಹಳೆಯದು ಎರಡು ಚೀಲವೋ?’ ಈ ಪ್ರಶ್ನೆಗೆ ಮತ್ತೆ 1, 2 ಎಂದು ಅಂಕಿ ಹಾಕಬಾರದು. ಹಾಕಿದರೆ ಹಳೆಯ ಪಟ್ಟಿಯ ಮೇಲೆ ಹೊಸದೊಂದು ಪಟ್ಟಿ ಕುಳಿತು, ಮುಂದಿನ ಉತ್ತರವೂ ಅಷ್ಟೇ ಗೊಂದಲವಾಗುತ್ತದೆ. ‘ಹೊಸದು’ ಅಥವಾ ‘ಹಳೆಯದು’ ಎಂಬ ಒಂದು ಪದ ಸಾಕು. ಬರೆಯಲಾಗದವರು ಧ್ವನಿ ಸಂದೇಶ ಕಳುಹಿಸಲಿ. ಅವರು ಹೇಳಿದ ಮೇಲೆ ಸರಕು, ಪ್ರಮಾಣ, ದರ ಮೂರನ್ನೂ ಒಂದು ಸಾಲಿನಲ್ಲಿ ಬರೆದು ಒಪ್ಪಿಗೆ ಪಡೆದೇ ಗಾಡಿಗೆ ಹೇರಬೇಕು.

ಎಂದೂ ವ್ಯವಹರಿಸದ ಹೊಸ ಸಂಖ್ಯೆಯಿಂದ ‘1’ ಬಂದರೆ ಅದು ಬೇರೊಂದು ಅಂಗಡಿಗೆ ಹೋಗಬೇಕಾದ ಉತ್ತರವಿರಬಹುದು. ಅಂಗಡಿಯ ಹೆಸರು ತಿಳಿಸಿ ಏನು ಬೇಕೆಂದು ವಿಚಾರಿಸುವುದಷ್ಟೇ ಅಲ್ಲಿ ಸಾಧ್ಯ.

ಗೊಂದಲ ಹುಟ್ಟುವ ಮೊದಲೇ ತಡೆಯಲು ಪಟ್ಟಿಯನ್ನೇ ತಿದ್ದಬಹುದು. ಸರಕುಗಳಿಗೆ 1, 2, 3ರ ಬದಲು 101, 102, 103 ಎಂಬಂತೆ ಸಂಖ್ಯೆ ಕೊಟ್ಟರೆ, ಚಿಲ್ಲರೆ ಅಂಗಡಿಯವರ ಸಂದೇಶದಲ್ಲಿ ಅದನ್ನು ಚೀಲದ ಲೆಕ್ಕವೆಂದು ಯಾರೂ ತಿಳಿಯರು. ಸರಕು ಮುಗಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. 101 ಖಾಲಿಯಾದರೆ ಖಾಲಿಯಾಗಿಯೇ ಇರಲಿ. ಮೇಲಿನ ಉದಾಹರಣೆಯಲ್ಲಿ ಈ ಎರಡು ನಿಯಮಗಳಿದ್ದಿದ್ದರೆ 102 ಎಂಬ ಉತ್ತರಕ್ಕೆ ಎರಡು ಅರ್ಥವಿರುತ್ತಿರಲಿಲ್ಲ. ಪಟ್ಟಿಯ ಸಂದೇಶವನ್ನು ಬೆರಳಿನಿಂದ ಬಲಕ್ಕೆ ಎಳೆದು ಉತ್ತರಿಸುವಂತೆ ಗ್ರಾಹಕರಿಗೆ ತೋರಿಸಿಕೊಟ್ಟರೆ, ಉತ್ತರದ ಜೊತೆಗೆ ಯಾವ ಪಟ್ಟಿಗೆ ಉತ್ತರಿಸಿದರೆಂಬುದೂ ಕಾಣುತ್ತದೆ.

ದೊಡ್ಡ ಸಂಸ್ಥೆಗಳು ಬಳಸುವ, ಸಂದೇಶಗಳಿಗೆ ಶುಲ್ಕವಿರುವ ವಾಟ್ಸ್‌ಆ್ಯಪ್ ವ್ಯವಸ್ಥೆಯಲ್ಲಿ ಒತ್ತುವ ಗುಂಡಿಗಳನ್ನೇ ಕಳುಹಿಸಬಹುದು. ಒಂದು ಸಂದೇಶಕ್ಕೆ ಮೂರು ಗುಂಡಿಗಳು, ಪಟ್ಟಿಯಾದರೆ ಹತ್ತು ಸಾಲುಗಳು. ಒತ್ತಿದಾಗ ಅಂಕಿಯ ಬದಲು ಆಯ್ಕೆಯ ಹೆಸರೇ ಸಂದೇಶವಾಗಿ ಬರುತ್ತದೆ. ದಿನಕ್ಕೆ ಹತ್ತಿಪ್ಪತ್ತು ಬೇಡಿಕೆ ಪಡೆಯುವ ಅಂಗಡಿಗೆ ಆ ವೆಚ್ಚದ ಅಗತ್ಯವಿಲ್ಲ. ಗುಂಡಿ ಇದ್ದರೂ ಕೆಲವರು ಅದನ್ನು ಬಿಟ್ಟು ‘1’ ಎಂದೇ ಬರೆಯುತ್ತಾರೆ. ಆಗಲೂ ಹೆಸರಿಡಿದು ಕೇಳಿ, ಉತ್ತರ ಬಂದ ಮೇಲೆಯೇ ಬಿಲ್ಲು ಬರೆಯುವುದು ಕ್ಷೇಮ.