ಇಬ್ಬರಿಗೂ ಶೇ 90, ಪಾಠ ಮಾತ್ರ ಬೇರೆ

ಎರಡನೇ ತರಗತಿಯ ಮಗುವಿನ ಮುಂದೆ ಇಡಲು ಒಂದು ಪುಟ್ಟ ಕತೆ ಇಲ್ಲಿದೆ. ಈ ಲೇಖನಕ್ಕಾಗಿಯೇ ಕಟ್ಟಿದ್ದು.

ಅಜ್ಜಿಯ ಮನೆಯ ಹಿಂದೆ ಒಂದು ದೊಡ್ಡ ಹಲಸಿನ ಮರ ಇತ್ತು. ಮರದಲ್ಲಿ ಒಂದು ಹಣ್ಣು ಪೂರ್ತಿ ಮಾಗಿತ್ತು. ಪುಟ್ಟಿ ಏಣಿ ತಂದಳು. ಅಜ್ಜಿ ಬೇಡ ಎಂದಳು. “ಏಣಿಯ ಮೆಟ್ಟಿಲು ಮುರಿದಿದೆ. ಅಣ್ಣ ಶಾಲೆಯಿಂದ ಬರಲಿ” ಎಂದಳು. ಪುಟ್ಟಿ ಸುಮ್ಮನೆ ಜಗಲಿಯ ಮೇಲೆ ಕುಳಿತಳು. ಅಷ್ಟರಲ್ಲಿ ಧೊಪ್ಪನೆ ಸದ್ದಾಯಿತು. ಹಣ್ಣು ತಾನೇ ಕೆಳಗೆ ಬಿದ್ದಿತ್ತು. ಸದ್ದು ಕೇಳಿ ಅಜ್ಜಿ ಹೊರಗೆ ಓಡಿ ಬಂದಳು. ಪುಟ್ಟಿ ನಗುತ್ತಾ ಹೇಳಿದಳು: “ಏಣಿ ಬೇಡ ಅಜ್ಜಿ!”

ಸರಿಯಾಗಿ 50 ಪದ. ಇದನ್ನು ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂತ ಶಿಕ್ಷಕಿ ಕೇಳಿಸಿದ್ದನ್ನೆಲ್ಲ ಪದಪದವಾಗಿ ಗುರುತು ಹಾಕಿಕೊಳ್ಳುತ್ತಾ ಹೋದರೆ ಅದೇ ರನ್ನಿಂಗ್ ರೆಕಾರ್ಡ್. ಇದನ್ನು ರೂಪಿಸಿದವರು ನ್ಯೂಜಿಲೆಂಡಿನ ಮೇರಿ ಕ್ಲೇ (1926–2007). ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುವಾಗ ಅವರು ಶಾಲೆಗೆ ಹೊಸದಾಗಿ ಸೇರಿದ 100 ಮಕ್ಕಳ ಓದನ್ನು ವಾರವಾರವೂ ದಾಖಲಿಸುತ್ತಾ ಒಂದು ವರ್ಷ ಹಿಂಬಾಲಿಸಿದರು. ಓದಲು ಬಾರದ ಮಗು ಏನು ಮಾಡುತ್ತಿದೆ ಎಂಬುದು ಪರೀಕ್ಷೆಯ ಅಂಕದಲ್ಲಿ ಸಿಗುವುದಿಲ್ಲ, ತಪ್ಪುವ ಆ ಕ್ಷಣದಲ್ಲಿ ಸಿಗುತ್ತದೆ ಎಂಬುದು ಅವರ ನಿಲುವು. ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲು.

ಗುರುತುಗಳು ಸರಳ. ಸರಿಯಾಗಿ ಓದಿದ ಪ್ರತಿ ಪದಕ್ಕೂ ಒಂದು ಟಿಕ್. ಬೇರೆ ಏನಾದರೂ ಓದಿದರೆ ಗೆರೆಯ ಮೇಲೆ ಮಗು ಹೇಳಿದ್ದು, ಕೆಳಗೆ ಪುಸ್ತಕದಲ್ಲಿದ್ದದ್ದು. ಬಿಟ್ಟುಹೋದ ಪದಕ್ಕೆ ಅಡ್ಡಗೆರೆ. ಮಗು ತಪ್ಪಿ, ತಾನೇ ತಿದ್ದಿಕೊಂಡರೆ ಅದಕ್ಕೊಂದು ಬೇರೆ ಗುರುತು, ಅದು ತಪ್ಪಿನ ಲೆಕ್ಕಕ್ಕಿಲ್ಲ. ಓದಿದ್ದನ್ನೇ ಮತ್ತೆ ಓದಿದರೂ ತಪ್ಪಲ್ಲ. ಮಗು ನಿಂತುಬಿಟ್ಟು ಕೆಲವು ಸೆಕೆಂಡು ಕಳೆದರೂ ಬಾಯಿ ಬಿಡದಿದ್ದರೆ ಪದ ಹೇಳಿಕೊಟ್ಟು ಮುಂದೆ ಸಾಗಿಸಬೇಕು, ಆಗ ಅದು ತಪ್ಪು. ಕಷ್ಟವಿರುವುದು ಗುರುತಿನಲ್ಲಲ್ಲ, ಸುಮ್ಮನಿರುವುದರಲ್ಲಿ. ಮಗು ತಡವರಿಸಿದೊಡನೆ ‘ನೋಡು, ನೋಡು, ಒತ್ತು ಇದೆ’ ಎನ್ನುವುದು ಶಿಕ್ಷಕರ ನಾಲಿಗೆಗೆ ಅಂಟಿದ ಅಭ್ಯಾಸ. ಹಾಗೆಂದ ಕೂಡಲೇ ದಾಖಲೆ ಕೆಟ್ಟಿತು, ಏಕೆಂದರೆ ಆಮೇಲೆ ಓದಿದ್ದು ಮಗುವೊಂದೇ ಅಲ್ಲ.

ಈಗ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಈ ಕತೆಯನ್ನು ಮೊದಲ ಸಲ ನೋಡುತ್ತಿದ್ದಾರೆ.

ಹುಡುಗ ‘ಪೂರ್ತಿ’ಯನ್ನು ‘ಪೂತ್ರಿ’ ಎಂದ. ‘ಮೆಟ್ಟಿಲು’ ಅವನ ಬಾಯಲ್ಲಿ ‘ಮೆಟಿಲು’, ‘ಸುಮ್ಮನೆ’ ‘ಸುಮನೆ’, ‘ಅಷ್ಟರಲ್ಲಿ’ ‘ಅಷರಲ್ಲಿ’, ‘ಸದ್ದಾಯಿತು’ ‘ಸದಾಯಿತು’ ಆದವು. ‘ಸದ್ದು ಕೇಳಿ’ ಎನ್ನುವಲ್ಲಿ ಮೊದಲು ‘ಸದು’ ಎಂದು, ‘ಕೇಳಿ’ ಓದಿದ ಮೇಲೆ ಹಿಂದಕ್ಕೆ ಬಂದು ‘ಸದ್ದು’ ಎಂದು ತಿದ್ದಿಕೊಂಡ. ಐದು ತಪ್ಪು, ಒಂದು ಸ್ವಂತ ತಿದ್ದುಪಡಿ. 50ರಲ್ಲಿ 45 ಸರಿ, ಅಂದರೆ ಶೇ 90.

ಹುಡುಗಿ ಸರಾಗವಾಗಿ ಓದಿದಳು. ಮನೆಯ ‘ಹಿಂದೆ’ ಎಂಬುದನ್ನು ‘ಮುಂದೆ’ ಎಂದಳು. ‘ಶಾಲೆಯಿಂದ’ ಬದಲು ‘ಸ್ಕೂಲಿಂದ’, ‘ಕುಳಿತಳು’ ಬದಲು ‘ಕೂತಳು’, ‘ಕೆಳಗೆ’ ಬದಲು ‘ನೆಲಕ್ಕೆ’. ‘ಓಡಿ’ ಎಂಬ ಪದವನ್ನು ಹಾರಿಸಿಬಿಟ್ಟಳು. ಯಾವುದನ್ನೂ ತಿದ್ದಿಕೊಳ್ಳಲಿಲ್ಲ. ಐದು ತಪ್ಪು, ಶೇ 90.

ಕ್ಲೇ ಅವರ ಪದ್ಧತಿಯಲ್ಲಿ ಶೇ 95 ಅಥವಾ ಅದಕ್ಕಿಂತ ಮೇಲಿದ್ದರೆ ಆ ಪಠ್ಯ ಮಗುವಿಗೆ ಸುಲಭ. 90ರಿಂದ 94 ಕಲಿಸಲು ತಕ್ಕ ಮಟ್ಟ. 90ಕ್ಕಿಂತ ಕೆಳಗಿಳಿದರೆ ಕಠಿಣ, ಕೈಬಿಟ್ಟು ಬೇರೆ ಪಠ್ಯ ಕೊಡಬೇಕು. ಇದರಂತೆ ಇಬ್ಬರಿಗೂ ಒಂದೇ ಮಟ್ಟ, ಒಂದೇ ಪುಸ್ತಕ, ಒಂದೇ ಗುಂಪು. ಇಲ್ಲಿಗೇ ನಿಲ್ಲಿಸುವವರು ಬಹಳ. ರಿಜಿಸ್ಟರಿನಲ್ಲಿ ಶೇಕಡಾವಾರು ಬರೆದು ಹಾಳೆಯನ್ನು ಕಸದ ಬುಟ್ಟಿಗೆ ಹಾಕುವುದು ಜೇನು ಬಿಟ್ಟು ಮೇಣ ಇಟ್ಟುಕೊಂಡಂತೆ.

ಹುಡುಗನ ತಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿ. ಐದಕ್ಕೆ ಐದೂ ಒತ್ತಕ್ಷರದವು. ಹಾಗೆಂದು ಅವನಿಗೆ ಒತ್ತು ಗೊತ್ತೇ ಇಲ್ಲವೇ? ‘ಅಜ್ಜಿ’, ‘ಪುಟ್ಟಿ’, ‘ಅಣ್ಣ’, ‘ದೊಡ್ಡ’, ‘ಇತ್ತು’ ಎಲ್ಲವನ್ನೂ ತಡೆಯಿಲ್ಲದೆ ಓದಿದ್ದಾನೆ. ‘ಬಿದ್ದಿತ್ತು’ ಕೂಡ. ಬಾಯಿಗೆ ದಿನವೂ ಬರುವ ಪದಗಳನ್ನು ಇಡಿಯಾಗಿ ಗುರುತಿಸುತ್ತಾನೆ. ಓದಿನಲ್ಲಿ ಅಪರೂಪದ ಪದ ಬಂದಾಗ ಒತ್ತನ್ನು ಬಿಡಿಸಿ ಓದಲು ಬರುವುದಿಲ್ಲ. ‘ಪೂರ್ತಿ’ಯ ಕತೆ ಇನ್ನೂ ಬೇರೆ. ಅರ್ಕಾವತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಅದು ಅಲಕ್ಷ್ಯವಲ್ಲ, ಯಾರೂ ಹೇಳಿಕೊಡದ ಒಂದು ನಿಯಮ.

ಅವನು ‘ಹಲಸಿನ’ ಎಂಬುದನ್ನು ‘ಅಲಸಿನ’ ಎಂದೂ, ‘ಹಣ್ಣು’ ಎಂಬುದನ್ನು ‘ಅಣ್ಣು’ ಎಂದೂ ಓದಿದ್ದ ಎನ್ನಿ. ಅದನ್ನು ಎಣಿಸಬಾರದು. ಹಳೆ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಣ್ಣಿಗೆ ಅಣ್ಣು ಎಂದೇ ಹೇಳುವುದು. ಅನುಮಾನವಿದ್ದರೆ ಒಂದು ಚಿತ್ರ ತೋರಿಸಿ ‘ಇದೇನಪ್ಪ?’ ಎಂದು ಕೇಳಿದರಾಯಿತು. ಮಾತಿನಲ್ಲೂ ‘ಅಣ್ಣು’ ಎಂದರೆ ಅದು ಮನೆಯ ಭಾಷೆ, ಓದಿನ ತಪ್ಪಲ್ಲ. ‘ಧೊಪ್ಪನೆ’ಯನ್ನು ‘ದೊಪ್ಪನೆ’ ಎಂದರೂ ಇದೇ ಲೆಕ್ಕ.

ಹುಡುಗಿಯ ತಪ್ಪುಗಳಲ್ಲಿ ಅಕ್ಷರದ ತೊಡಕು ಒಂದೂ ಇಲ್ಲ. ಅವಳು ಕತೆಯನ್ನು ಹಿಡಿದು, ಮುಂದೆ ಬರಬಹುದಾದ ಪದವನ್ನು ತಾನೇ ಇಟ್ಟುಕೊಂಡು ಹೋಗುತ್ತಿದ್ದಾಳೆ. ಇಲ್ಲೇ ಈ ಪದ್ಧತಿಯ ಸುತ್ತ ದೊಡ್ಡ ಜಗಳವಿದೆ. ಪ್ರತಿ ತಪ್ಪನ್ನೂ ಅರ್ಥ, ವಾಕ್ಯರಚನೆ, ಅಕ್ಷರರೂಪ ಎಂಬ ಮೂರು ಸುಳಿವುಗಳಲ್ಲಿ ಮಗು ಯಾವುದನ್ನು ಬಳಸಿತು ಎಂದು ವಿಂಗಡಿಸುವುದು ಕ್ಲೇ ಅವರ ರೀತಿ. ಆ ಪ್ರಕಾರ ‘ಕುಳಿತಳು’ ಬದಲು ‘ಕೂತಳು’ ಎಂಬುದು ಒಳ್ಳೆಯ ತಪ್ಪು, ಅರ್ಥ ಕೆಟ್ಟಿಲ್ಲವಲ್ಲ. ಆದರೆ ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯ ನಂತರ ಇಂಥ ಊಹೆಯ ಓದನ್ನು ಕಲಿಕೆಯ ದಾರಿಯಾಗಿ ಬೋಧಿಸುವುದನ್ನು ಕೈಬಿಡಲಾಯಿತು. ಅಮೆರಿಕದಲ್ಲಿ ಎಮಿಲಿ ಹ್ಯಾನ್‌ಫರ್ಡ್ ಅವರ 2022ರ ಪಾಡ್‌ಕಾಸ್ಟ್ ಸರಣಿ ಈ ವಾದವನ್ನು ಮನೆಮನೆಗೆ ಒಯ್ದಿತು. ಸಂದರ್ಭ ನೋಡಿ ಊಹಿಸುವುದು ದುರ್ಬಲ ಓದುಗರ ಊರುಗೋಲು, ಗಟ್ಟಿ ಓದುಗರು ಅಕ್ಷರಗಳನ್ನೇ ನೋಡುತ್ತಾರೆ ಎಂಬುದು ವಿಮರ್ಶಕರ ಮಾತು. ಅವರದ್ದೇ ಸರಿ ಅನ್ನಿಸುತ್ತದೆ ನನಗೆ, ಕನ್ನಡದ ಮಟ್ಟಿಗಂತೂ. ಬರೆದಂತೆ ಓದುವ ಲಿಪಿ ಕೈಯಲ್ಲಿರುವಾಗ ಊಹೆಗೆ ಬಹುಮಾನ ಕೊಡಬೇಕಾದ ಅಗತ್ಯವೇನು? ಹಾಗೆಂದು ದಾಖಲೆಯನ್ನೇ ಬಿಸಾಡಬೇಕಿಲ್ಲ. ಹುಡುಗಿ ಊಹಿಸುತ್ತಿದ್ದಾಳೆ ಎಂದು ಗೊತ್ತಾದದ್ದು ಅದೇ ಹಾಳೆಯಿಂದ. ‘ಒಳ್ಳೆಯ ತಪ್ಪು’ ಎಂಬ ಷರಾ ಮಾತ್ರ ಬೇಡ.

ಇನ್ನು ಅರ್ಥದ ಪ್ರಶ್ನೆಗಳು. ಮೊದಲು ಪುಸ್ತಕ ಮುಚ್ಚಿ ‘ಏನಾಯ್ತು, ಹೇಳು’ ಎನ್ನಬೇಕು. ಮಗು ಹೇಳಿ ಮುಗಿಸಿದ ಮೇಲೆ ಮೂರು ಪ್ರಶ್ನೆ ಸಾಕು. ಪುಟ್ಟಿ ಏನು ತಂದಳು? ಅಜ್ಜಿ ಏಣಿ ಬೇಡ ಎಂದದ್ದು ಏಕೆ? ಕೊನೆಯಲ್ಲಿ ಪುಟ್ಟಿಯೇ ಏಣಿ ಬೇಡ ಎಂದಳಲ್ಲ, ಅದು ಏಕೆ? ಮೊದಲನೆಯದು ಬರೆದಿರುವುದು. ಎರಡನೆಯದಕ್ಕೆ ಎರಡು ವಾಕ್ಯ ಜೋಡಿಸಬೇಕು. ಮೂರನೆಯದು ಕತೆಯಲ್ಲಿ ಎಲ್ಲೂ ಬರೆದಿಲ್ಲ. ‘ಹಲಸಿನ ಹಣ್ಣಿನ ಒಳಗೆ ಏನಿರುತ್ತದೆ?’ ಎಂಬಂಥದ್ದನ್ನು ಕೇಳಬಾರದು, ಕತೆ ಓದದವರೂ ‘ತೊಳೆ’ ಎನ್ನುತ್ತಾರೆ. ಮಕ್ಕಳಿಗೆ ಕೊಡುವ ಮೊದಲು, ಕತೆ ಓದದ ಒಬ್ಬರನ್ನು ಕೇಳಿ ನೋಡಿದರೆ ಇಂಥ ಪೊಳ್ಳು ಪ್ರಶ್ನೆ ಸಿಕ್ಕಿಬೀಳುತ್ತದೆ.

ಹುಡುಗ ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ. ಅಜ್ಜಿ ಏಕೆ ಬೇಡ ಎಂದಳು ಎಂದಾಗ, “ಪುಟ್ಟಿ ಚಿಕ್ಕೋಳಲ್ವಾ ಮಿಸ್, ಬಿದ್ದೋಗ್ತಾಳೆ” ಎಂದ. ಸಮಂಜಸ ಉತ್ತರ, ಆದರೆ ಕತೆಯದ್ದಲ್ಲ. ‘ಮೆಟಿಲು’ ಎಂದು ಓದಿದವನಿಗೆ ಮುರಿದದ್ದು ಏನೆಂದೇ ತಿಳಿದಿಲ್ಲ. ತೆರವಾದ ಜಾಗವನ್ನು ತನ್ನ ಬದುಕಿನಿಂದ ತುಂಬಿಕೊಂಡಿದ್ದಾನೆ. ಅವನಿಗೆ ಅರ್ಥಗ್ರಹಿಕೆಯ ತೊಂದರೆ ಇದೆ ಎಂದು ಬರೆದರೆ ತಪ್ಪಾಗುತ್ತದೆ. ಒಂದು ಟ-ಒತ್ತು ತಪ್ಪಿದ್ದರ ಫಲ ಇದು. ಹುಡುಗಿ ಮೂರಕ್ಕೂ ಸರಿ ಹೇಳಿದಳು. ಮರ ಎಲ್ಲಿತ್ತು ಎಂದರೆ ಮಾತ್ರ ಮನೆಯ ಮುಂದೆ.

ಮೂರನೆಯ ಮಗುವೂ ತರಗತಿಯಲ್ಲಿ ಇದ್ದೇ ಇರುತ್ತದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡುವ ಮಗು ಎನ್ನಿ. ‘ಪೂರ್ತಿ’ ಒಂದನ್ನು ಬಿಟ್ಟು 49 ಪದ ಸರಿ, ಶೇ 98. ಕತೆ ಹೇಳು ಎಂದರೆ “ಏಣಿ” ಎಂದು ಸುಮ್ಮನಾಗುತ್ತದೆ. ಕ್ಲೇ ಅವರ ಪಟ್ಟಿಯ ಪ್ರಕಾರ ಇದು ಅದಕ್ಕೆ ಸುಲಭದ ಪಠ್ಯ. ಕನ್ನಡದಲ್ಲಿ ಅಕ್ಷರಗಳನ್ನು ಕಲಿತ ಮಗು ಅರ್ಥ ಗೊತ್ತಿಲ್ಲದ ಪದವನ್ನೂ ತಪ್ಪಿಲ್ಲದೆ ಉಚ್ಚರಿಸಬಲ್ಲದು. ಹಾಗಾಗಿ ಇಂಗ್ಲಿಷಿಗಾಗಿ ಮಾಡಿದ ಈ ಗೆರೆಗಳಲ್ಲಿ ಮೇಲಿನದು ನಮ್ಮಲ್ಲಿ ಬೇಗ ಮೋಸ ಮಾಡುತ್ತದೆ.

ಕೆಳಗಿನದೂ ಅಲುಗಾಡುವಂಥದ್ದೇ. ‘ಸದ್ದಾಯಿತು’ ಒಂದು ಪದ, ‘ಸದ್ದು ಆಯಿತು’ ಎಂದು ಅಚ್ಚು ಹಾಕಿದ್ದರೆ ಎರಡು. ಇಂಗ್ಲಿಷಿನಲ್ಲಿ ಎರಡು ಮೂರು ಪದಗಳಾಗುವುದು ‘ಶಾಲೆಯಿಂದ’ ಎಂಬ ಒಂದರಲ್ಲೇ ಅಡಗುತ್ತದೆ. ಪದಗಳು ಕಡಿಮೆ, ಉದ್ದ ಹೆಚ್ಚು, ತಪ್ಪಲು ಜಾಗವೂ ಹೆಚ್ಚು. ಅದರ ಮೇಲೆ 50 ಪದದ ಕತೆಯಲ್ಲಿ ಒಂದು ಪದಕ್ಕೆ ಶೇ 2. ಹುಡುಗ ಇನ್ನೊಂದು ಪದ ತಪ್ಪಿದ್ದರೆ 88 ಆಗಿ ‘ಕಠಿಣ’ಕ್ಕೆ ಜಾರುತ್ತಿದ್ದ. ಒಂದೇ ಕತೆಯ ಮೇಲೆ ಮಗುವಿನ ಗುಂಪು ಬದಲಿಸುವುದಕ್ಕಿಂತ ಸಮಾನ ಕಷ್ಟದ ಎರಡು ಮೂರು ಕತೆ ಓದಿಸಿ ನೋಡುವುದು ಮೇಲು.

ಹಾಗಾದರೆ ಸೋಮವಾರ ಏನು ಕಲಿಸಬೇಕು? ಹುಡುಗನಿಗೆ ಮೊದಲು ಸಜಾತೀಯ ಒತ್ತು. ಕತೆ–ಕತ್ತೆ, ಹಳಿ–ಹಳ್ಳಿ, ಎಲೆ–ಎಲ್ಲೆ, ಬಲೆ–ಬಲ್ಲೆ ಎಂಬಂಥ ಜೋಡಿಗಳು. ಒತ್ತು ಬಿಟ್ಟರೆ ಅರ್ಥವೇ ಬದಲಾಗುವುದರಿಂದ ತಪ್ಪು ಅವನ ಕಿವಿಗೇ ಬೀಳುತ್ತದೆ. ‘ಸದು’ವನ್ನು ತಾನೇ ತಿದ್ದಿಕೊಂಡವನಿಗೆ ಆ ಕಿವಿ ಇದೆ. ಅದು ಗಟ್ಟಿಯಾದ ಮೇಲೆ ಅಷ್ಟು, ಇಷ್ಟು, ಎಷ್ಟು, ಕಷ್ಟ. ಅರ್ಕಾವತ್ತನ್ನು ಇವುಗಳ ಜೊತೆ ಬೆರೆಸದೆ ಕೊನೆಗೆ, ಪ್ರತ್ಯೇಕವಾಗಿ. ಹುಡುಗಿಗೆ ಒತ್ತಿನ ಪಾಠ ದಂಡ. ಚಿತ್ರಗಳಿಲ್ಲದ, ಮುಂದಿನದನ್ನು ಊಹಿಸಲಾಗದ ಸಣ್ಣ ವಾಕ್ಯಗಳನ್ನು ಕೊಟ್ಟು, ತಪ್ಪಿದಲ್ಲಿ “ಇಲ್ಲಿ ಏನು ಬರೆದಿದೆ, ಕೊನೆಯವರೆಗೂ ನೋಡಿ ಓದಮ್ಮ” ಎಂದು ಪದಕ್ಕೆ ಮರಳಿಸಬೇಕು. ಮೂರನೆಯ ಮಗುವಿಗೆ ಓದಿಗಿಂತ ಮೊದಲು ಮಾತು. ಏಣಿ, ಜಗಲಿ, ಮಾಗುವುದು ಎಂದರೇನೆಂದು ತೋರಿಸಿ, ಕತೆಯನ್ನು ಬಾಯಲ್ಲಿ ಹೇಳಿ, ತನ್ನ ಮನೆಮಾತಿನಲ್ಲೇ ಮತ್ತೆ ಹೇಳಲು ಬಿಟ್ಟು, ಆಮೇಲೆ ಪುಸ್ತಕ.

30 ಮಕ್ಕಳ ತರಗತಿಯಲ್ಲಿ ಇದು ಆಗುವ ಮಾತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಒಂದು ಮಗುವಿಗೆ, ಪ್ರಶ್ನೆಗಳೂ ಸೇರಿ, ಹತ್ತು ನಿಮಿಷ ಬೇಕು. ದಿನಕ್ಕೆ ಇಬ್ಬರಂತೆ ಹಿಡಿದರೂ ಒಂದು ಸುತ್ತಿಗೆ ಮೂರು ವಾರ ಹಿಡಿಯುತ್ತದೆ. ನಲಿ-ಕಲಿಯ ತರಗತಿಯಲ್ಲಿ ಉಳಿದ ತಟ್ಟೆಗಳ ಮಕ್ಕಳು ತಮ್ಮ ಚಟುವಟಿಕೆಯಲ್ಲಿರುವಾಗ ಇದಕ್ಕೆ ಸಮಯ ಮಾಡಿಕೊಳ್ಳಬಹುದು. ಎಲ್ಲರಿಗೂ ಬೇಕಿಲ್ಲ ಕೂಡ. ಅಕ್ಷರ, ಪದ, ಪ್ಯಾರಾ, ಕತೆ ಎಂದು ಮೆಟ್ಟಿಲು ಗುರುತಿಸುವ ಪ್ರಥಮ್ ಸಂಸ್ಥೆಯ ಅಸರ್ ಮಾದರಿಯ ಚಿಕ್ಕ ಪರೀಕ್ಷೆ ಮಗು ಎಲ್ಲಿ ನಿಂತಿದೆ ಎಂಬುದನ್ನು ಬೇಗ ಹೇಳುತ್ತದೆ. ಅಲ್ಲೇ ತಿಂಗಳುಗಟ್ಟಲೆ ನಿಂತುಬಿಟ್ಟ ಮಕ್ಕಳನ್ನು ಆರಿಸಿ ರನ್ನಿಂಗ್ ರೆಕಾರ್ಡ್ ಮಾಡಿದರೆ, ಏಕೆ ನಿಂತಿದೆ ಎಂಬುದು ತಿಳಿಯುತ್ತದೆ.

ಮೂರು ನಾಲ್ಕು ವಾರದ ಪಾಠದ ನಂತರ ಮತ್ತೆ ದಾಖಲಿಸುವಾಗ ಹಲಸಿನ ಹಣ್ಣಿನ ಕತೆ ಬೇಡ, ಅದು ಅಷ್ಟರಲ್ಲಿ ಬಾಯಿಪಾಠವಾಗಿರುತ್ತದೆ. ಒತ್ತಕ್ಷರಗಳು ಅಷ್ಟೇ ಇರುವ ಹೊಸ ಕತೆ ಬೇಕು. ಹುಡುಗನಿಗೆ ಆಗಲೂ ಶೇ 90 ಬರಬಹುದು. ಆ ಐದು ತಪ್ಪುಗಳಲ್ಲಿ ಸಜಾತೀಯ ಒತ್ತು ಒಂದೂ ಇಲ್ಲದೆ, ಎಲ್ಲ ಅರ್ಕಾವತ್ತಿನವೇ ಆಗಿದ್ದರೆ ಪಾಠ ನಾಟಿದೆ, ಇನ್ನು ಅರ್ಕಾವತ್ತನ್ನು ಕೈಗೆತ್ತಿಕೊಳ್ಳಬಹುದು.