ಅಡುಗೆ ಭಟ್ಟರ ಜೊತೆಗಿನ ಕಾಲ್: ಯಾವುದು ಪಕ್ಕಾ, ಯಾವುದು ಬಾಕಿ?

ಅಕ್ಕನ ಮದುವೆಗೆ ಅಡುಗೆ ಭಟ್ಟರ ಜೊತೆ ಹನ್ನೆರಡು ನಿಮಿಷ ಮಾತಾಡಿದ್ದೀರಿ, ಅವರಿಗೆ ಹೇಳಿಯೇ ಕಾಲ್ ರೆಕಾರ್ಡ್ ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಮದುವೆ ಮುಗಿದು ಲೆಕ್ಕಕ್ಕೆ ಕೂತಾಗ ಯಾರೂ ಆ ಆಡಿಯೊ ಪೂರ್ತಿ ಕೇಳಲ್ಲ. ಅದನ್ನ ಒಂದು ವಾಟ್ಸಾಪ್ ಮೆಸೇಜ್‌ಗೆ ಇಳಿಸೋದು ಹೇಗೆ ಅನ್ನೋದು ಈ ಸಂಚಿಕೆಯ ವಿಷಯ.

ಮೊದಲು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ: ಪಕ್ಕಾ, ಬಾಕಿ. ರೆಕಾರ್ಡಿಂಗ್ ಕೇಳ್ತಾ ಪ್ರತಿ ಮಾತನ್ನೂ ಎರಡರಲ್ಲಿ ಒಂದಕ್ಕೆ ಹಾಕಿ. ಪಕ್ಕದಲ್ಲಿ ಅದು ಎಷ್ಟನೇ ನಿಮಿಷದಲ್ಲಿ ಬಂತು ಅಂತ ಬರೆದಿಡಿ, ಆಮೇಲೆ ಹುಡುಕೋಕೆ ಸುಲಭ. ಒಬ್ಬರು ಹೇಳಿ, ಇನ್ನೊಬ್ಬರು ಸ್ಪಷ್ಟವಾಗಿ ಒಪ್ಪಿ, ಕಾಲ್ ಮುಗಿಯೋವರೆಗೂ ಅದು ಬದಲಾಗದೇ ಇದ್ದರೆ ಮಾತ್ರ ಪಕ್ಕಾ. ಬರೀ "ಹ್ಞೂಂ" ಅಂದ್ರೆ ಕೇಳಿಸ್ತಿದೆ ಅಂತಲೂ ಇರಬಹುದು. "ನೋಡೋಣ", "ಮಾಡೋಣ ಬಿಡಿ" ಇವೆಲ್ಲ ಬಾಕಿ.

ಮೆನು ನೋಡೋಣ. 2ನೇ ನಿಮಿಷದಲ್ಲಿ ಮಧ್ಯಾಹ್ನದ ಊಟಕ್ಕೆ ಹೋಳಿಗೆ ಅಂತ ಒಪ್ಪಿಗೆಯಾಗಿದೆ. 9ನೇ ನಿಮಿಷದಲ್ಲಿ ಭಟ್ಟರು, "ಜೊತೆಗೆ ಚಿರೋಟಿನೂ ಹಾಕ್ಸಿ ಸರ್, ಎಲೆಗೆ 15 ಜಾಸ್ತಿ ಆಗತ್ತೆ ಅಷ್ಟೇ" ಅಂತಾರೆ. ನೀವು, "ಅಮ್ಮನ್ನ ಕೇಳಿ ಹೇಳ್ತೀನಿ ಭಟ್ರೇ" ಅಂದಿದ್ದೀರಿ. ಹಾಗಾಗಿ ಹೋಳಿಗೆ ಪಕ್ಕಾ, ಚಿರೋಟಿ ಬಾಕಿ. ಇದನ್ನ ಬರೆಯದೇ ಬಿಟ್ಟರೆ, ನೀವು ಬೇಡ ಅಂದುಕೊಂಡಿರ್ತೀರಿ, ಅವರು ಚಿರೋಟಿ ಕರೆದು ತಂದಿರ್ತಾರೆ.

ಜಗಳ ಹೆಚ್ಚು ಆಗೋದು ಎಲೆ ಲೆಕ್ಕದಲ್ಲಿ. ಕಾಲ್‌ನಲ್ಲಿ ನೀವು "ಐನೂರು, ಐನೂರೈವತ್ತು ಜನ ಆಗಬಹುದು" ಅಂದಿದ್ದೀರಿ. ಅವರು "310ಕ್ಕೆ ಮಾಡ್ಕೊಡ್ತೀನಿ, ಆದ್ರೆ 500 ಎಲೆಗೆ ಕಮ್ಮಿ ಆಗ್ಬಾರ್ದು" ಅಂದಿದ್ದಾರೆ, ನೀವು "ಆಯ್ತು" ಅಂದಿದ್ದೀರಿ. ಇಲ್ಲಿ 500 ಅನ್ನೋದು ಕನಿಷ್ಠ ಬಿಲ್: 430 ಜನ ಊಟ ಮಾಡಿದರೂ 500 ಎಲೆಯ ದುಡ್ಡು ಕೊಡಬೇಕು. 550 ಅನ್ನೋದು ಅಡುಗೆಯ ಅಳತೆ, ಅಷ್ಟು ಜನಕ್ಕೆ ಸಾಲೋ ಹಾಗೆ ಮಾಡಿ ಅನ್ನೋ ಅರ್ಥದ್ದು. ಸಾರಾಂಶದಲ್ಲಿ ಬರೀ "550 ಜನ" ಅಂತ ಬರೆದರೆ ಅದೇ ಬಿಲ್ ಆಗಿ, 50 ಎಲೆಗೆ 15,500 ರೂಪಾಯಿ ಮೈಮೇಲೆ ಬರಬಹುದು. ಆದ್ದರಿಂದ ಎರಡು ಸಂಖ್ಯೆಯನ್ನೂ ಬೇರೆ ಬೇರೆ ಬರೆಯಿರಿ. ಎಲೆ ಎಣಿಸೋರು ಯಾರು, ಬ್ಯಾಂಡ್‌ನವರು, ಫೋಟೋದವರ ಎಲೆಯೂ ಲೆಕ್ಕಕ್ಕೆ ಬರತ್ತಾ ಅನ್ನೋ ಮಾತು ಕಾಲ್‌ನಲ್ಲಿ ಇಲ್ಲದಿದ್ದರೆ, ಅದೂ ಬಾಕಿ ಸಾಲಿಗೆ.

ಇನ್ನು ದುಡ್ಡು. ಭಟ್ಟರು, "ಈಗ 50 ಸಾವಿರ ಹಾಕಿ, ಹಿಂದಿನ ದಿನ ಅರ್ಧ, ಮಿಕ್ಕಿದ್ದು ಊಟ ಆದ್ಮೇಲೆ" ಅಂದಿದ್ದಾರೆ. ಕೇಳೋಕೆ ಸರಿಯಾಗೇ ಇದೆ. ಆದರೆ ಯಾವುದರ ಅರ್ಧ? ಒಟ್ಟು 1,68,500ರ ಅರ್ಧ ಅಂದ್ರೆ 84,250. ಅಡ್ವಾನ್ಸ್ ಕಳೆದು ಉಳಿದ 1,18,500ರ ಅರ್ಧ ಅಂದ್ರೆ 59,250. ಮದುವೆ ಹಿಂದಿನ ದಿನ ಕೈಯಲ್ಲಿರಬೇಕಾದ ದುಡ್ಡಿನಲ್ಲಿ 25,000ದ ವ್ಯತ್ಯಾಸ! "ಅರ್ಧ" ಅಂತ ಬರೆಯಬೇಡಿ, ಮೊತ್ತ ಕೇಳಿ ಬರೆಯಿರಿ.

ಇಷ್ಟೆಲ್ಲ ಸೇರಿದರೆ ಮೆಸೇಜ್ ಹೀಗಿರತ್ತೆ:

ಭಟ್ರೇ, ಇವತ್ತು ಕಾಲ್‌ನಲ್ಲಿ ಮಾತಾಡಿದ್ದು.

ಪಕ್ಕಾ ಆಗಿರೋದು:
• ಬೆಳಗಿನ ತಿಂಡಿ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. 150 ಎಲೆ, ಎಲೆಗೆ 90 = 13,500
• ಮಧ್ಯಾಹ್ನದ ಊಟ: ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಹೋಳಿಗೆ, ಅನ್ನ, ಸಾಂಬಾರ್, ಸಾರು, ಹಪ್ಪಳ, ಮಜ್ಜಿಗೆ. ಕನಿಷ್ಠ 500 ಎಲೆ, ಎಲೆಗೆ 310 = 1,55,000. ಅಡುಗೆ 550 ಜನಕ್ಕೆ ಸಾಲುವಷ್ಟು.
• ಒಟ್ಟು 1,68,500. ಅಡ್ವಾನ್ಸ್ 50,000.

ಬಾಕಿ ಇರೋದು:
1. ಚಿರೋಟಿ ಬೇಕೋ ಬೇಡವೋ ಭಾನುವಾರದೊಳಗೆ ಹೇಳ್ತೀವಿ. ಹೇಳದಿದ್ದರೆ ಬೇಡ.
2. 500ಕ್ಕಿಂತ ಹೆಚ್ಚಾದ ಎಲೆಗೂ 310 ತಾನೆ? ಎಣಿಸೋವಾಗ ನಮ್ಮ ಕಡೆಯವರೂ ಒಬ್ಬರು ಇರ್ತಾರೆ.
3. ಬ್ಯಾಂಡ್, ಫೋಟೋದವರ ಎಲೆ ಲೆಕ್ಕಕ್ಕೆ ಬರತ್ತಾ?
4. ಹಿಂದಿನ ದಿನ ಕೊಡಬೇಕಾದ್ದು 59,250 ತಾನೆ?
5. ಈ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ?

ಇದರಲ್ಲಿ ತಪ್ಪಿದ್ದರೆ ಹೇಳಿ, ಸರಿ ಇದ್ದರೆ "ಸರಿ" ಅಂತ ಹಾಕಿ.

ಗಮನಿಸಿ, ಕಾಲ್‌ನಲ್ಲಿ ಮಾತೇ ಬರದ ಜಿಎಸ್‌ಟಿಯನ್ನ ಪಕ್ಕಾ ಪಟ್ಟಿಗೆ ಸೇರಿಸಿಲ್ಲ, ಪ್ರಶ್ನೆಯಾಗಿ ಇಟ್ಟಿದ್ದೀವಿ. ನೀಲಿ ಟಿಕ್ ಬಂದರೆ ಭಟ್ಟರು ಓದಿದ್ದಾರೆ ಅಂತ ಮಾತ್ರ ಅರ್ಥ, ಒಪ್ಪಿದ್ದಾರೆ ಅಂತ ಅಲ್ಲ. "ಸರಿ" ಬಂದು, ಐದೂ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಅಡ್ವಾನ್ಸ್ ಕಳಿಸಿ.