ಒಲೆ ಯಾವುದೆಂದು ಕೇಳಿದ ಮೇಲೆ

ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿನ ಪೋಸ್ಟಿಂಗ್‌ನಲ್ಲಿರುವಾಗ ಒಬ್ಬ ರೋಗಿಯನ್ನು ಆರಿಸಿಕೊಂಡು ಕೆಲವು ದಿನ ಅವರ ಆರೈಕೆ ಮಾಡಿ ಕೇಸ್ ಸ್ಟಡಿ ಬರೆಯಬೇಕು. ಮೊದಲ ತಪಾಸಣೆ, ನರ್ಸಿಂಗ್ ಡಯಾಗ್ನೋಸಿಸ್, ಯೋಜನೆ, ಆರೈಕೆ, ಕೊನೆಗೆ ಮೌಲ್ಯಮಾಪನ ಎಂದು ಐದು ಹಂತ. ಇಂಥ ಫೈಲುಗಳನ್ನು ತಿದ್ದುವುದು ನನ್ನ ಕೆಲಸ. ಬಹಳಷ್ಟು ಫೈಲುಗಳಲ್ಲಿ ಕೊನೆಯ ಕಾಲಂ ತುಂಬ ‘ಗುರಿ ಈಡೇರಿದೆ’ ಎಂದೇ ಇರುತ್ತದೆ, ರೋಗಿ ಮಾತ್ರ ಎಲ್ಲೂ ಕಾಣುವುದಿಲ್ಲ. ಕೇಸ್ ಸ್ಟಡಿ ಸರಿಯಾಗಿ ನಡೆದರೆ ಹೇಗಿರುತ್ತದೆ ಎಂದು ತೋರಿಸಲು ಸಿಒಪಿಡಿಯ ಒಂದು ಕೇಸನ್ನು ಇಲ್ಲಿಟ್ಟಿದ್ದೇನೆ. ಈ ಅಜ್ಜಿ ಒಬ್ಬರೇ ವ್ಯಕ್ತಿಯಲ್ಲ, ಹಳೇ ಮೈಸೂರು ಕಡೆಯ ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಹಲವರನ್ನು ಸೇರಿಸಿ ಕಟ್ಟಿಕೊಂಡ ರೋಗಿ.

ವಯಸ್ಸು 62, ತೂಕ 38 ಕೆ.ಜಿ. ಮೂರು ದಿನದಿಂದ ಜಾಸ್ತಿಯಾದ ದಮ್ಮು, ಹಳದಿ ಹಸಿರು ಬಣ್ಣದ ಕಫ. ರಾತ್ರಿ ತುರ್ತು ವಿಭಾಗಕ್ಕೆ ಬಂದಾಗ ಬೆರಳಿಗಿಟ್ಟ ಆಕ್ಸಿಮೀಟರ್ 84 ತೋರಿಸಿತ್ತು. ವಿದ್ಯಾರ್ಥಿನಿ ಅವರನ್ನು ನೋಡಿದ್ದು ಮರುದಿನ ಬೆಳಿಗ್ಗೆ. ಹಳೆಯ ಚೀಟಿಗಳಲ್ಲೆಲ್ಲ ‘ಆಸ್ತಮಾ’ ಎಂದಿತ್ತು. ಫಾರಂನಲ್ಲಿದ್ದ ಪ್ರಶ್ನೆಯನ್ನು ಅವಳು ಇದ್ದ ಹಾಗೇ ಕೇಳಿದಳು: “ಅಜ್ಜಿ, ಬೀಡಿ ಸೇದೋ ಅಭ್ಯಾಸ ಇದೆಯಾ?”

“ಅಯ್ಯೋ, ಅವೆಲ್ಲ ಏನೂ ಇಲ್ಲ ಕಣವ್ವ.”

ಬಹುತೇಕ ಫೈಲುಗಳು ಇಲ್ಲಿಗೇ ‘ಧೂಮಪಾನ: ಇಲ್ಲ’ ಎಂದು ಬರೆದು ಮುಂದೆ ಹೋಗುತ್ತವೆ. ಈ ಹುಡುಗಿ ಮಾತ್ರ ಇನ್ನೊಂದು ಪ್ರಶ್ನೆ ಕೇಳಿದಳು: “ಅಡುಗೆ ಯಾವ ಒಲೇಲಿ ಮಾಡ್ತಿದ್ರಿ?” ಆಮೇಲೆ ಎಲ್ಲ ಹೊರಗೆ ಬಂತು. ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ. ಕಿಟಕಿಯಿಲ್ಲದ ಅಡುಗೆ ಕೋಣೆ. ಮಳೆಗಾಲದಲ್ಲಿ ಹಸಿ ಸೌದೆ, ಬೆರಣಿ, ಬಗ್ಗಿ ಊದುಗೊಳವೆ ಊದುವುದು. ಸಿಒಪಿಡಿ ಎಂದರೆ ಸಿಗರೇಟಿನ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನಮ್ಮ ಹಳ್ಳಿಗಳಲ್ಲಿ ಎಂದೂ ಬೀಡಿ ಮುಟ್ಟದ ಹೆಂಗಸರಿಗೂ ಅದು ಬರುತ್ತದೆ, ದಶಕಗಳ ಒಲೆಯ ಹೊಗೆ ಅದಕ್ಕೆ ದೊಡ್ಡ ಕಾರಣ. ಹೊಗೆ ವರ್ಷಗಟ್ಟಲೆ ಒಳಗೆ ಹೋದಂತೆ ಶ್ವಾಸನಾಳಗಳ ಒಳಗೋಡೆ ಊದಿ ದಪ್ಪವಾಗುತ್ತದೆ, ಕಫ ಹೆಚ್ಚುತ್ತದೆ, ಗಾಳಿಚೀಲಗಳ ಗೋಡೆ ಒಡೆಯುತ್ತದೆ. ಉಸಿರು ಒಳಗೆ ಹೋದರೂ ಪೂರ್ತಿ ಹೊರಗೆ ಬರುವುದಿಲ್ಲ. ಹೀಗೆ ಸಿಕ್ಕಿಕೊಂಡ ಗಾಳಿಯಿಂದ ಎದೆಗೂಡು ಉಬ್ಬಿ ದುಂಡಗಾಗುತ್ತದೆ.

ದಮ್ಮು ಎಷ್ಟಿದೆ ಎಂದು ಅಳೆಯಲು ಸೊನ್ನೆಯಿಂದ ನಾಲ್ಕರವರೆಗಿನ ಒಂದು ಸ್ಕೇಲ್ ಇದೆ. ಅದನ್ನು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. “ಮನೆಯಿಂದ ದೇವಸ್ಥಾನಕ್ಕೆ ಹೋಗುವಾಗ ಎಲ್ಲೆಲ್ಲಿ ನಿಲ್ತೀರಿ?” ಎಂದು ಕೇಳಿದಳು. ಕರೆಂಟು ಕಂಬದ ಹತ್ತಿರ ಒಮ್ಮೆ, ಆಮೇಲೆ ಅಂಗಡಿ ಜಗಲಿಯ ಮೇಲೆ ಒಮ್ಮೆ. ಸಮತಟ್ಟಾದ ದಾರಿಯಲ್ಲಿ ನೂರು ಮೀಟರಿಗೊಮ್ಮೆ ನಿಂತರೆ ಅದು ಮೂರನೇ ಹಂತ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದಳು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ವಾರ್ಡುಗಳಲ್ಲಿದೆ, ಆದರೆ ಉಸಿರು ಏರುಪೇರಾಗಿರುವ ರೋಗಿಯಲ್ಲಿ ಆ ಲೆಕ್ಕ ತಪ್ಪುತ್ತದೆ.

ಅಷ್ಟರಲ್ಲಿ ಅಜ್ಜಿಯ ಮಗ ಸಂತೋಷದಿಂದ ಹೇಳಿದ: “ರಾತ್ರಿ 84 ಇತ್ತು ಸಿಸ್ಟರ್, ಈಗ 98 ಬಂದಿದೆ.”

ಮೂಗು ಬಾಯಿ ಮುಚ್ಚಿದ ಮಾಸ್ಕಿನಲ್ಲಿ ನಿಮಿಷಕ್ಕೆ 6 ಲೀಟರ್ ಆಮ್ಲಜನಕ ಹರಿಯುತ್ತಿತ್ತು. ಉಸಿರಿನ ಎಣಿಕೆ 18ಕ್ಕೆ ಇಳಿದಿತ್ತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. ಆದರೆ ಆಗಷ್ಟೇ ಮಾತಾಡಿದ ಅಜ್ಜಿ ನಡುನಡುವೆ ತೂಕಡಿಸುತ್ತಿದ್ದರು, ತಲೆ ನೋಯುತ್ತದೆ ಎನ್ನುತ್ತಿದ್ದರು. ಕೈ ಮುಂದೆ ಚಾಚಿ ಅಂಗೈ ಮೇಲೆತ್ತಿ ಹಿಡಿಯಿರಿ ಎಂದಾಗ ಮಣಿಕಟ್ಟಿನಿಂದ ಕೈ ಪಟಪಟನೆ ಬಡಿದುಕೊಳ್ಳುತ್ತಿತ್ತು. ಇವು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವ ಲಕ್ಷಣ. ಆಕ್ಸಿಮೀಟರ್ ಅದನ್ನು ಅಳೆಯುವುದೇ ಇಲ್ಲ.

ಸಿಒಪಿಡಿ ಇರುವ ಕೆಲವರಲ್ಲಿ ಹೆಚ್ಚು ಆಮ್ಲಜನಕ ತೊಂದರೆ ಮಾಡುತ್ತದೆ ಎಂಬುದು ಮನೆಯವರಿಗೆ ನಂಬಲು ಕಷ್ಟವಾದ ಮಾತು. ಕಾರಣ ಹೀಗಿದೆ. ಶ್ವಾಸಕೋಶದ ಹಾಳಾದ ಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲವಾದ್ದರಿಂದ ದೇಹ ಅಲ್ಲಿನ ರಕ್ತನಾಳಗಳನ್ನು ಬಿಗಿಗೊಳಿಸಿ, ರಕ್ತವನ್ನು ಚೆನ್ನಾಗಿರುವ ಭಾಗಕ್ಕೆ ತಿರುಗಿಸಿರುತ್ತದೆ. ಆಮ್ಲಜನಕ ವಿಪರೀತ ಕೊಟ್ಟರೆ ಆ ಬಿಗಿತ ಸಡಿಲವಾಗುತ್ತದೆ. ರಕ್ತ ಮತ್ತೆ ಹಾಳಾದ ಭಾಗಕ್ಕೇ ಹರಿದು, ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ಉಸಿರಾಟದ ಒತ್ತಡ ತಗ್ಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ಇಂಥವರಿಗೆ ಗುರಿ 88ರಿಂದ 92. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧಾರಾಳವಾಗಿ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 9 ಮಂದಿ ತೀರಿಕೊಂಡಿದ್ದರು. ಈ ಗುರಿಯೊಳಗೆ ಅಳೆದು ಕೊಟ್ಟವರಲ್ಲಿ ನೂರಕ್ಕೆ 4.

ಆಮ್ಲಜನಕದ ಪ್ರಮಾಣವನ್ನು ತಾನೇ ಬದಲಿಸುವ ಅಧಿಕಾರ ವಿದ್ಯಾರ್ಥಿಗಿಲ್ಲ. ಮಾಸ್ಕನ್ನು ಕಿತ್ತು ತೆಗೆಯುವುದು ಇನ್ನೂ ಅಪಾಯ, ಆಮ್ಲಜನಕ ಏಕಾಏಕಿ ನಿಂತರೆ ಮೊದಲಿದ್ದುದಕ್ಕಿಂತಲೂ ಕೆಳಗೆ ಕುಸಿಯಬಹುದು. ಅವಳು ತಕ್ಷಣ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿದಳು. ‘ಅಜ್ಜಿ ಯಾಕೋ ಮಂಕಾಗಿದ್ದಾರೆ’ ಎನ್ನಲಿಲ್ಲ. “ಸಿಒಪಿಡಿ ಇರಬಹುದು, 6 ಲೀಟರ್‌ನಲ್ಲಿ 98 ಇದೆ, ತೂಕಡಿಕೆ, ತಲೆನೋವು, ಕೈ ಬಡಿತ ಇದೆ” ಎಂದಳು. ಡಾಕ್ಟರು ಬಂದು ಅಪಧಮನಿಯ ರಕ್ತ ತೆಗೆಸಿದರು. 35ರಿಂದ 45ರೊಳಗಿರಬೇಕಾದ ಇಂಗಾಲದ ಡೈಆಕ್ಸೈಡ್ 62 ಇತ್ತು. ಆಮ್ಲಜನಕವನ್ನು ಹಂತಹಂತವಾಗಿ ಇಳಿಸಿ, ಮೂಗಿನ ನಳಿಕೆಯಲ್ಲಿ 1 ಲೀಟರಿಗೆ ತಂದರು. ಒಂದು ಗಂಟೆಯ ನಂತರದ ರಕ್ತಪರೀಕ್ಷೆಯಲ್ಲಿ 54. ಇಳಿಯದೇ ಹೋಗಿದ್ದರೆ ಬೈಪ್ಯಾಪ್ ಯಂತ್ರ ಹಾಕಬೇಕಾಗುತ್ತಿತ್ತು.

ಎಚ್ಚರವಾದ ಮೇಲೆ ಎಣಿಸಿದಾಗ ಉಸಿರು ನಿಮಿಷಕ್ಕೆ 28, ಆಮ್ಲಜನಕ 90. ಸುಧಾರಿಸಿದ ರೋಗಿಯ ಉಸಿರಿನ ಎಣಿಕೆ ಏರಿದ್ದು ವಿಚಿತ್ರವೆನಿಸಬಹುದು. ಬೆಳಗಿನ 18 ಮಂಪರಿನ 18 ಆಗಿತ್ತು. ಇನ್ನು ಮುಂದೆ ಹೋಲಿಸಬೇಕಾದ ಮೊದಲ ಅಳತೆ ಈ 28.

ಎರಡನೇ ಹಂತದಲ್ಲಿ ಗೊಂದಲ ಹೆಚ್ಚು. ಸಿಒಪಿಡಿ ಎನ್ನುವುದು ಡಾಕ್ಟರ ಡಯಾಗ್ನೋಸಿಸ್. ಅದರಿಂದ ಈ ರೋಗಿಗೆ ಏನು ಮಾಡಲಾಗುತ್ತಿಲ್ಲ, ಯಾಕೆ, ಅದಕ್ಕೆ ಕಣ್ಣಿಗೆ ಕಾಣುವ ಆಧಾರವೇನು ಎಂದು ಹೇಳುವುದು ನರ್ಸಿನದು. ಹಿಂದಿನ ಬ್ಯಾಚಿನ ಫೈಲಿನಿಂದ ಹತ್ತು ಸಾಲು ನಕಲು ಮಾಡಿದರೆ ಕಾಲಂ ತುಂಬುತ್ತದೆ ಅಷ್ಟೆ. ಈ ಹುಡುಗಿ ನಾಲ್ಕನ್ನೇ ಬರೆದಳು, ತುರ್ತಿನ ಕ್ರಮದಲ್ಲಿ: ಅನಿಲ ವಿನಿಮಯದ ತೊಂದರೆ, ಗಟ್ಟಿ ಕಫವನ್ನು ಕೆಮ್ಮಿ ತೆಗೆಯಲು ಆಗದಿರುವುದು, ಉಣ್ಣುವಾಗಲೂ ದಮ್ಮು ಬರುವುದರಿಂದ ಊಟ ಸಾಲದಿರುವುದು, ಇನ್‌ಹೇಲರ್ ಬಳಕೆ ತಿಳಿಯದಿರುವುದು. ಒಂದೊಂದಕ್ಕೂ ಅಳೆಯಬಹುದಾದ ಗುರಿ ಬರೆದಳು. ‘ಉಸಿರಾಟ ಸುಧಾರಿಸುವುದು’ ಎಂದು ಬರೆದರೆ ಯಾರಿಗೂ ಅಳೆಯಲಾಗುವುದಿಲ್ಲ. ‘ಐದನೇ ದಿನಕ್ಕೆ ಉಸಿರು 24ಕ್ಕಿಂತ ಕಡಿಮೆ, ಆಮ್ಲಜನಕ 88ರಿಂದ 92’ ಎಂದರೆ ಯಾರು ಬೇಕಾದರೂ ಅಳೆಯಬಹುದು.

ಡಾಕ್ಟರು ಬರೆದ ನೆಬ್ಯುಲೈಸೇಶನ್, ಸ್ಟೀರಾಯ್ಡ್, ಆ್ಯಂಟಿಬಯಾಟಿಕ್‌ಗಳನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಆರೈಕೆಯ ಒಂದು ಭಾಗ. ಇಂಥ ರೋಗಿಗೆ ನೆಬ್ಯುಲೈಸರನ್ನು ಆಮ್ಲಜನಕದ ಪೈಪಿಗಲ್ಲ, ಗಾಳಿಯ ಕಂಪ್ರೆಸರಿಗೆ ಜೋಡಿಸಬೇಕು, ಇಲ್ಲದಿದ್ದರೆ ಬೆಳಗಿನ ತೊಂದರೆ ದಿನಕ್ಕೆ ನಾಲ್ಕು ಸಲ ಮರುಕಳಿಸುತ್ತದೆ. ಅಜ್ಜಿಯನ್ನು ನೇರ ಕೂರಿಸಿ, ಮುಂದೆ ಟೇಬಲ್ಲಿಟ್ಟು, ದಿಂಬಿನ ಮೇಲೆ ಕೈಯೂರಿ ಬಗ್ಗುವಂತೆ ಮಾಡಿದಳು. ಉಸಿರಾಟವನ್ನೂ ಹೇಳಿಕೊಟ್ಟಳು: ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಬಿಡುವುದು. ಹೀಗೆ ಬಿಟ್ಟಾಗ ಶ್ವಾಸನಾಳದೊಳಗೆ ಸ್ವಲ್ಪ ಒತ್ತಡ ಉಳಿದು, ಅದು ಬೇಗ ಮುಚ್ಚಿಕೊಳ್ಳದೆ ಸಿಕ್ಕಿದ್ದ ಗಾಳಿ ಹೊರಬರುತ್ತದೆ. ಅಜ್ಜಿ ಮೊದಲು ಜೋರಾಗಿ ಊದಿದರು. “ಒಲೆ ಊದೋ ಹಂಗಲ್ಲ ಅಜ್ಜಿ, ಬಿಸಿ ಕಾಫಿ ಆರಿಸೋ ಹಂಗೆ, ಮೆಲ್ಲಗೆ.” ಆಮೇಲೆ ಸರಿಹೋಯಿತು. ಊಟಕ್ಕೆ ಮುನ್ನ ಅರ್ಧ ಗಂಟೆ ವಿಶ್ರಾಂತಿ, ಒಮ್ಮೆಗೇ ಹೊಟ್ಟೆ ತುಂಬಿಸದೆ ಆರು ಸಲ ಸ್ವಲ್ಪ ಸ್ವಲ್ಪ: ಅಂಬಲಿ, ಮೊಟ್ಟೆ, ಗಟ್ಟಿ ಬೇಳೆ. ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತಿದರೆ ದಮ್ಮು ಹೆಚ್ಚುತ್ತದೆ.

ಐದನೇ ದಿನ ಮೌಲ್ಯಮಾಪನ. ಉಸಿರು 22. ಆಮ್ಲಜನಕವಿಲ್ಲದೆ 90. ಕಫ ಬಿಳಿಯಾಗಿ ತೆಳುವಾಗಿತ್ತು. ಮೊದಲೆರಡು ಗುರಿ ಈಡೇರಿದವು. ಮೂರನೆಯದರಲ್ಲಿ ‘ತೂಕ ಒಂದು ಕೆ.ಜಿ. ಏರುವುದು’ ಎಂದು ಬರೆದಿದ್ದಳು. ತೂಕ 38ರಲ್ಲೇ ಇತ್ತು. ಐದು ದಿನಕ್ಕೆ ಆ ಗುರಿಯೇ ಸರಿಯಲ್ಲ. ಅದನ್ನು ಹೊಡೆದುಹಾಕಿ, ‘ಬಡಿಸಿದ್ದರಲ್ಲಿ ಎಷ್ಟು ಉಂಡರು’ ಎಂದು ತಿದ್ದಿ, ಈಡೇರಿಲ್ಲವೆಂದು ಬರೆದಳು. ಆ ಸಾಲಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ನಾಲ್ಕನೆಯದು ಇನ್‌ಹೇಲರ್. “ಗೊತ್ತಾಯ್ತಾ?” ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಮಾಡಿ ತೋರಿಸಿ ಎನ್ನಬೇಕು. ಅಜ್ಜಿ ರೋಟಾಹೇಲರಿಗೆ ಕ್ಯಾಪ್ಸೂಲ್ ಹಾಕಿ ತಿರುಗಿಸಿದರು, ಬಾಯಿಗಿಟ್ಟರು, ಮೊದಲು ಅದರೊಳಕ್ಕೇ ಉಸಿರು ಬಿಟ್ಟು ಆಮೇಲೆ ಎಳೆದುಕೊಂಡರು. ತೆರೆದು ನೋಡಿದರೆ ಅರ್ಧ ಪುಡಿ ಒಳಗೇ ಇತ್ತು. ಉಸಿರಿನ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಅದನ್ನು ತಿದ್ದಿ ಮತ್ತೆ ಮಾಡಿಸಿದಳು, ಆಗಲೂ ಪುಡಿ ಉಳಿಯಿತು. ಅಂದರೆ ತೊಂದರೆ ಕಲಿಕೆಯದು ಮಾತ್ರವಲ್ಲ, ಪುಡಿಯನ್ನು ಜೋರಾಗಿ ಎಳೆದುಕೊಳ್ಳುವಷ್ಟು ಶಕ್ತಿ ಅವರ ಉಸಿರಿಗಿಲ್ಲ. ಡಾಕ್ಟರಿಗೆ ಹೇಳಿದ ಮೇಲೆ, ನಿಧಾನವಾಗಿ ಎಳೆದರೆ ಸಾಕಾಗುವ ಸ್ಪ್ರೇ ಇನ್‌ಹೇಲರ್ ಮತ್ತು ಸ್ಪೇಸರ್‌ಗೆ ಬದಲಾಯಿತು. ಆಸ್ತಮಾ ಎಂದು ವರ್ಷಗಳಿಂದ ಪುಡಿ ಎಳೆಯುತ್ತಿದ್ದರೂ ಗುಣ ಕಾಣದೆ ಇದ್ದುದಕ್ಕೆ ಒಂದು ಕಾರಣ ಸಿಕ್ಕಿದ್ದು ಕೊನೆಯ ಕಾಲಂನಲ್ಲಿ.

ಉಳಿದದ್ದು ಹೊಗೆ. ಮನೆಗೆ ಗ್ಯಾಸ್ ಬಂದಿದೆ, ಸೊಸೆ ಅದರಲ್ಲೇ ಅಡುಗೆ ಮಾಡುತ್ತಾಳೆ ಎಂದು ಮಗ ಹೇಳಿದ. “ಸ್ನಾನದ ನೀರು?” ಎಂದು ಕೇಳಿದಾಗ, ಬಚ್ಚಲ ಹಂಡೆಯ ಒಲೆಗೆ ಬೆಳಿಗ್ಗೆ ಉರಿ ಹಾಕುವುದು ಅಜ್ಜಿಯ ಕೆಲಸವೆಂದು ತಿಳಿಯಿತು. ಚಳಿಗೆ ಅಲ್ಲೇ ಕೂರುತ್ತಾರಂತೆ. ಒಲೆಗೆ ಬೇರೆಯವರು ಉರಿ ಹಾಕಲಿ, ಅಜ್ಜಿ ಆ ಹೊತ್ತು ಜಗಲಿಯಲ್ಲಿರಲಿ ಎಂದು ಮಗ ಸೊಸೆ ಇಬ್ಬರಿಗೂ ಕೂರಿಸಿ ಹೇಳಿದಳು. ನಡೆಯಿತೇ ಇಲ್ಲವೇ ಎಂದು ವಾರ್ಡಿನಲ್ಲಿ ಕೂತು ಅಳೆಯಲು ಬರುವುದಿಲ್ಲ, ಹಾಗಾಗಿ ಆ ಸಾಲಿನ ಮುಂದೆ ‘ಮೌಲ್ಯಮಾಪನ ಬಾಕಿ’ ಎಂದು ಬರೆದು, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸುವಂತೆ ಡಿಸ್ಚಾರ್ಜ್ ಚೀಟಿಯಲ್ಲಿ ಸೇರಿಸಿದಳು. ಜೊತೆಗೆ, ಕಫದ ಬಣ್ಣ ತಿರುಗಿದರೆ, ಕಾಲು ಊದಿದರೆ, ಹಗಲಲ್ಲಿ ಎಬ್ಬಿಸಿದರೂ ಏಳದಂಥ ತೂಕಡಿಕೆ ಬಂದರೆ ಕಾಯದೆ ಕರೆತರಬೇಕು, ಬಂದ ಕೂಡಲೇ ‘ಆಮ್ಲಜನಕ 88ರಿಂದ 92’ ಎಂದು ಬರೆದಿರುವ ಈ ಚೀಟಿ ತೋರಿಸಬೇಕು ಎಂದು ಮಗನಿಗೆ ಹೇಳಿದಳು. ಕಾಯಿಲೆ ಜೋರಾಗಿದ್ದಾಗ ಮಾಡಿದ ಸ್ಪೈರೊಮೆಟ್ರಿಯ ಫಲಿತಾಂಶವನ್ನು ನಂಬಲಾಗದು. ಆದ್ದರಿಂದ ಆರು ವಾರದ ನಂತರ ಬಂದು ಊದಬೇಕು. ಔಷಧ ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಖಚಿತ. ಅಲ್ಲಿಯವರೆಗೆ ಫೈಲಿನ ಮೊದಲ ಪುಟದಲ್ಲಿ ಆ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ.